ಎರಡು ವರ್ಷದ ಜರ್ಮನಿ ಮನೆಗೆ ಏನು ಕೊಳ್ಳಬೇಕು, ಏನು ಬಿಡಬೇಕು

ಪ್ರಶ್ನೆ: ಮೇಡಂ, ನನ್ನ ಗಂಡನಿಗೆ ಕಂಪನಿಯಿಂದ ಎರಡು ವರ್ಷಕ್ಕೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಲು ಹೇಳಿದ್ದಾರೆ. ನಾನೂ ನಾಲ್ಕು ವರ್ಷದ ಮಗಳೂ ಜೊತೆಗೆ ಹೋಗುತ್ತೇವೆ. ಅಲ್ಲಿ ಬಾಡಿಗೆ ಮನೆ ಪೂರಾ ಖಾಲಿ ಇರುತ್ತದಂತೆ, ಅಡುಗೆಮನೆ ಕೂಡ ಇರುವುದಿಲ್ಲವಂತೆ. ಎರಡೇ ವರ್ಷಕ್ಕೆ ಏನೇನು ಕೊಳ್ಳುವುದು? ಬರುವಾಗ ಮಾರಲು ಆಗುತ್ತದಾ, ಒಳ್ಳೆಯ ಸಾಮಾನು ಉಡುಪಿಗೆ ತರಬಹುದಾ? ಕಂಪನಿ ಒಂದಿಷ್ಟು ದುಡ್ಡು ಕೊಡುತ್ತದೆ, ಆದರೆ ಜಾಸ್ತಿ ಇಲ್ಲ. (ಗೃಹಿಣಿ, ಉಡುಪಿ)

ಉತ್ತರ: ಮೊದಲು ಅಡುಗೆಮನೆಯ ವಿಷಯ ಮುಗಿಸೋಣ. ಸೋಫಾ, ಮಂಚ, ಕಪಾಟು ಎಲ್ಲ ಆಮೇಲೆ. ದುಡ್ಡು ಕರಗುವುದು ಅಡುಗೆಮನೆಯಲ್ಲಿ.

ನಮ್ಮಲ್ಲಿ ಬಾಡಿಗೆ ಮನೆ ಅಂದರೆ ಕನಿಷ್ಠ ಒಂದು ಕಡಪ ಕಲ್ಲಿನ ಕಟ್ಟೆ, ಒಂದು ಸಿಂಕ್ ಇದ್ದೇ ಇರುತ್ತದೆ. ಜರ್ಮನಿಯ ಖಾಲಿ ಮನೆಯ ಅಡುಗೆಕೋಣೆಗೆ ಹೋಗಿ ನಿಂತರೆ ನಾಲ್ಕು ಗೋಡೆ ಕಾಣುತ್ತದೆ. ಒಂದು ಕಡೆ ನೀರಿನ ಪೈಪಿನ ತುದಿ, ಕೊಳೆ ನೀರು ಹೋಗುವ ತೂತು, ಒಲೆಗೆ ಕರೆಂಟ್ ಕೊಡುವ ಒಂದು ಡಬ್ಬಿ, ಅಷ್ಟೇ. ಎಲ್ಲ ಮನೆಯೂ ಹೀಗೆ ಅಂತಲ್ಲ, ಆದರೆ ತುಂಬ ಮನೆಗಳು ಹೀಗೇ. ಹೊಸ ಅಡುಗೆಮನೆ ಮಾಡಿಸಿದರೆ ಅದನ್ನು ಆ ಕೋಣೆಯ ಅಳತೆಗೇ ಕೊಯ್ದು ಕೂರಿಸುತ್ತಾರೆ. ಬಿಚ್ಚಿದ ದಿನ ಅದರ ಬೆಲೆ ಪಾತಾಳಕ್ಕೆ. ಇನ್ನೊಬ್ಬರ ಕೋಣೆಗೆ ಅದು ಸರಿ ಹೊಂದುವುದೇ ಅಪರೂಪ.

ಹಾಗಾಗಿ ಮನೆ ಹುಡುಕುವಾಗಲೇ ಜಾಹೀರಾತಿನಲ್ಲಿ EBK ಎಂಬ ಮೂರು ಅಕ್ಷರ ಇದೆಯಾ ನೋಡಿ. ಇದ್ದರೆ ಅಡುಗೆಮನೆ ಅಲ್ಲೇ ಕೂರಿಸಿಟ್ಟಿದೆ ಅಂತ ಅರ್ಥ. ಬಾಡಿಗೆ ಸ್ವಲ್ಪ ಹೆಚ್ಚು ಹೇಳುತ್ತಾರೆ, ಅಲ್ಲಿಗೇ ಬಿಟ್ಟುಬಿಡಬೇಡಿ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ತಿಂಗಳಿಗೆ 60 ಯೂರೋ ಹೆಚ್ಚು ಬಾಡಿಗೆ ಅಂದರೆ ಎರಡು ವರ್ಷಕ್ಕೆ 1,440 ಯೂರೋ. ಅದೇ ನೀವು 4,000 ಯೂರೋಕ್ಕೆ ಹೊಸದು ಕೂರಿಸಿ, ಹೊರಡುವಾಗ 1,000ಕ್ಕೆ ಕೊಟ್ಟರೆ ಹೋದದ್ದು 3,000. ಐದು ವರ್ಷ, ಎಂಟು ವರ್ಷ ಇರುವವರ ಲೆಕ್ಕ ಬೇರೆ. ಎರಡು ವರ್ಷದವರಿಗೆ ಹೆಚ್ಚು ಬಾಡಿಗೆಯೇ ಅಗ್ಗ.

ಒಂದು ಮಾತು ಗಮನಿಸಿ. ಅಡುಗೆಮನೆ ಮಾಲೀಕರದ್ದಾಗಿ, ಬಾಡಿಗೆಯೊಳಗೇ ಸೇರಿದ್ದರೆ, ಒಲೆ ತಾನಾಗಿ ಕೆಟ್ಟರೆ ರಿಪೇರಿ ಸಾಮಾನ್ಯವಾಗಿ ಅವರದ್ದೇ. ಆದರೆ ಕೆಲವರು ಒಪ್ಪಂದದಲ್ಲಿ 'ಅಡುಗೆಮನೆಯನ್ನು ಉಚಿತವಾಗಿ ಬಳಸಲು ಬಿಟ್ಟಿದ್ದೇವೆ' ಎಂಬಂತೆ ಒಂದು ಸಾಲು ಸೇರಿಸುತ್ತಾರೆ. ಓದಲು ಉದಾರವಾಗಿ ಕಾಣುತ್ತದೆ. ಅದು ರಿಪೇರಿಯನ್ನು ನಿಮ್ಮ ತಲೆಗೆ ಕಟ್ಟುವ ಸಾಲು. ಸಹಿ ಹಾಕುವ ಮುಂಚೆ ಕೇಳಿಬಿಡಿ.

EBK ಸಿಗದಿದ್ದರೆ ಎರಡನೆಯ ದಾರಿ: ಮೊದಲಿದ್ದ ಬಾಡಿಗೆದಾರರಿಂದ ಅಡುಗೆಮನೆಯನ್ನು ಇದ್ದ ಹಾಗೇ ಕೊಂಡುಕೊಳ್ಳುವುದು. ಜಾಹೀರಾತಿನಲ್ಲಿ ಇದು Ablöse ಅಂತ ಕಾಣುತ್ತದೆ, 'ಆಬ್‌ಲ್ಯೋಸೆ' ಅಂತ ಹೇಳುತ್ತಾರೆ. ಬಿಟ್ಟು ಹೋಗುವವರ ಕೈಯಿಂದ ಬರುವವರು ಸಾಮಾನು ಕೊಳ್ಳುವ ಪದ್ಧತಿ ಇದು. ಅಡುಗೆಮನೆ ಇದ್ದಲ್ಲೇ ಇರುತ್ತದೆ, ಬಿಚ್ಚುವ ಖರ್ಚಿಲ್ಲ. ಎರಡು ವರ್ಷದ ನಂತರ ನೀವೂ ಮುಂದಿನವರಿಗೆ ಹೀಗೇ ಕೊಡಬಹುದು. 1,500ಕ್ಕೆ ಕೊಂಡು 900ಕ್ಕೆ ಕೊಟ್ಟರೆ ನಿಮ್ಮ ನಷ್ಟ ಬರೀ 600. ಕೇಳಲು ಎಷ್ಟು ಚೆಂದ ಅಲ್ವಾ? ಇದರಲ್ಲೊಂದು ಗುಂಡಿ ಇದೆ.

ಮುಂದಿನ ಬಾಡಿಗೆದಾರ 'ನನಗೆ ಬೇಡ' ಅನ್ನಬಹುದು. ಮಾಲೀಕರೂ 'ಕೊಟ್ಟದ್ದು ಖಾಲಿ ಮನೆ, ಖಾಲಿ ಮಾಡಿಯೇ ಕೊಡಿ' ಅನ್ನಬಹುದು. ಆಗ ಹೊರಡುವ ವಾರದಲ್ಲಿ ಅಡುಗೆಮನೆ ಬಿಚ್ಚಿಸಿ, ಎತ್ತಿಸಿ, ಬಿಸಾಡುವ ಖರ್ಚೂ ನಿಮ್ಮದೇ. ಅದಕ್ಕೆ ದುಡ್ಡು ಕೊಡುವ ಮೊದಲು ಮಾಲೀಕರಿಗೆ ಒಂದು ಇಮೇಲ್ ಹಾಕಿ, ಮೂರು ವಿಷಯ ಬರಹದಲ್ಲಿ ತೆಗೆದುಕೊಳ್ಳಿ. ಅಡುಗೆಮನೆಯನ್ನು ನಾವು ಕೊಳ್ಳುವುದು ನಿಮಗೆ ಒಪ್ಪಿಗೆಯೇ? ನಾವು ಹೊರಡುವಾಗ ಮುಂದಿನವರಿಗೆ ಮಾರಲು ಅವರ ಜೊತೆ ಮಾತಾಡಲು ಬಿಡುತ್ತೀರಾ? ಅವರು ಬೇಡ ಎಂದರೆ ಬಿಚ್ಚಲೇಬೇಕಾ? ಮೂರನೆಯದಕ್ಕೆ 'ಹೌದು, ಬಿಚ್ಚಬೇಕು' ಎಂಬ ಉತ್ತರ ಬಂದರೆ ಹೆದರಬೇಡಿ. ಕೊಡುವ ಬೆಲೆಯನ್ನು ಅದಕ್ಕೆ ತಕ್ಕಂತೆ ಇಳಿಸಿ.

ಬೆಲೆಯೂ ಬಾಯಿಗೆ ಬಂದ ಹಾಗಲ್ಲ. ಸಾಮಾನಿನ ಯೋಗ್ಯತೆಗಿಂತ ತೀರಾ ಅತಿ ಬೆಲೆ ಕೇಳುವುದಕ್ಕೆ ಅಲ್ಲಿ ಕಾನೂನಿನ ತಡೆ ಇದೆ. ಮನೆ ಸಿಗದ ಊರಿನಲ್ಲಿ ಮಾತ್ರ ಜನ ಕೇಳಿಯೇ ಕೇಳುತ್ತಾರೆ. ಕೊಂಡ ಬಿಲ್ಲು ತೋರಿಸಿ ಅನ್ನಿ. ಎಷ್ಟು ವರ್ಷ ಹಳೆಯದು, ಏನೇನು ಸೇರಿದೆ ಅಂತ ಒಂದು ಹಾಳೆಯಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ. ನೋಡಲು ಹೋದಾಗ ಬಾಗಿಲಿನ ಹೊಳಪು ನೋಡಬೇಡಿ. ಸಿಂಕಿನ ಸುತ್ತ ಹಲಗೆಯ ಮೇಲೆ ಬೆರಳು ಓಡಿಸಿ. ಎಲ್ಲಾದರೂ ಏರಿಳಿತ ಸಿಕ್ಕಿದರೆ ನೀರು ಒಳಗೆ ಹೋಗಿ ಹಲಗೆ ಉಬ್ಬಿದೆ. ಪಾತ್ರೆ ತೊಳೆಯುವ ಮೆಷಿನ್ ಇದ್ದರೆ ಅದರ ಬಾಗಿಲು ತೆರೆದು, ಮೇಲಿನ ಹಲಗೆಯ ಕೆಳ ಅಂಚನ್ನು ಮುಟ್ಟಿ ನೋಡಿ. ಹಬೆ ಹೊಡೆದು ಮೊದಲು ಕೆಡುವುದು ಅದೇ ಜಾಗ. ಎರಡು ವರ್ಷದ ನಂತರ ನಿಮ್ಮಿಂದ ಕೊಳ್ಳಲು ಬಂದವರೂ ಅಲ್ಲೇ ಬೆರಳಿಡುತ್ತಾರೆ.

ಇವೆರಡೂ ಕೂಡಿಬರದಿದ್ದರೆ ಗೋಡೆಗೆ ಅಂಟದ ಅಡುಗೆಮನೆ ಮಾಡಿಕೊಳ್ಳಿ. ಕಾಲಿನ ಮೇಲೆ ನಿಲ್ಲುವ ಒಂದು ಸಿಂಕ್ ಘಟಕ, ಪಕ್ಕದಲ್ಲಿ ಒಂದು ಗಟ್ಟಿ ಮೇಜು, ಮೇಜಿನ ಮೇಲೆ ಸಾದಾ ಪ್ಲಗ್‌ಗೆ ಹಾಕುವ ಎರಡು ಉರಿಯ ಇಂಡಕ್ಷನ್ ಒಲೆ, ಒಂದು ಫ್ರಿಜ್. ದೊಡ್ಡ ನಾಲ್ಕು ಉರಿಯ ಒಲೆಗೆ ಮೂರು ಫೇಸಿನ ಲೈನ್ ಬೇಕು, ಅದನ್ನು ಎಲೆಕ್ಟ್ರಿಷಿಯನ್‌ನಿಂದಲೇ ಹಾಕಿಸಬೇಕು. ಸಾದಾ ಪ್ಲಗ್ ಒಲೆಗೆ ಆ ತಾಪತ್ರಯ ಇಲ್ಲ. ನೀರುದೋಸೆಗೆ ಕಬ್ಬಿಣದ ಕಾವಲಿ ಇಂಡಕ್ಷನ್ ಮೇಲೆ ಚೆನ್ನಾಗಿಯೇ ಆಗುತ್ತದೆ, ತಳ ಸಮ ಇರಬೇಕು ಅಷ್ಟೇ. ಅಲ್ಯೂಮಿನಿಯಂ ಕುಕ್ಕರ್ ಮಾತ್ರ ಇಂಡಕ್ಷನ್‌ನಲ್ಲಿ ಬಿಸಿಯೇ ಆಗುವುದಿಲ್ಲ. ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಇಲ್ಲಿಂದಲೇ ಒಯ್ಯಿರಿ. ಮಿಕ್ಸಿಯನ್ನೂ ಒಯ್ಯಿರಿ. ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್, ಪ್ಲಗ್ ಮಾತ್ರ ಬೇರೆ. ಅರ್ಥಿಂಗ್ ಸಿಗುವ ಗಟ್ಟಿ ಅಡಾಪ್ಟರ್ ಹಾಕಿ.

ಇನ್ನು ಉಳಿದ ಮನೆ. ಎರಡು ಕೋಣೆಯ, 55 ಚದರ ಮೀಟರಿನ ಮನೆ ಅಂತ ಇಟ್ಟುಕೊಳ್ಳೋಣ. ಅಲ್ಲಿ ಎರಡು ಕೋಣೆ ಅಂದರೆ ಹಾಲ್ ಕೂಡ ಸೇರಿ ಎರಡು, ಅದನ್ನು ನೆನಪಿಡಿ. ಪ್ರತಿ ಸಾಮಾನಿಗೂ ಕೊಳ್ಳುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಇದು ಈ ಮನೆಯಿಂದ ಹೇಗೆ ಹೊರಗೆ ಹೋಗುತ್ತದೆ? ಯಾರೋ ಬಂದು ಹೊತ್ತುಕೊಂಡು ಹೋಗುತ್ತಾರಾ, ಊರಿಗೆ ಬರುತ್ತದಾ, ಕಸಕ್ಕೆ ಹೋಗುತ್ತದಾ? ಉತ್ತರ ಹೊಳೆಯದಿದ್ದರೆ ಕೊಳ್ಳಬೇಡಿ.

ಮಂಚಕ್ಕೆ ನನ್ನ ಸಲಹೆ ಕೇಳಿದರೆ, 180 ಸೆಂಟಿಮೀಟರಿನ ಒಂದು ದೊಡ್ಡ ಮಂಚ ಬೇಡ. 90×200 ಅಳತೆಯ ಸಾದಾ ಪೈನ್ ಮರದ ಎರಡು ಮಂಚ ತೆಗೆದುಕೊಂಡು ಜೋಡಿಸಿ. ಮಗಳು ನಿಮ್ಮ ಜೊತೆಯೇ ಮಲಗುವ ವಯಸ್ಸು, ಮೂವರಿಗೂ ಆಗುತ್ತದೆ. ಮುಂದೆ ಅವಳಿಗೆ ಬೇರೆ ಬೇಕಾದರೆ ಅದೇ ಅಳತೆಯ ಮೂರನೆಯದನ್ನು ಹುಡುಕಿ. ಒಂಟಿ ಮಂಚ ವಿದ್ಯಾರ್ಥಿಗಳಿಗೂ ಬೇಕು, ಮಕ್ಕಳಿರುವ ಮನೆಗೂ ಬೇಕು. ಬಿಚ್ಚಿದರೆ ಸಣ್ಣ ಕಾರಿನಲ್ಲೂ ಹೋಗುತ್ತದೆ. ದೊಡ್ಡ ಮಂಚ ಕೊಳ್ಳುವವರಿಗೆ ವ್ಯಾನ್ ಬೇಕು, ಜೊತೆಗೆ ಇನ್ನೊಬ್ಬ ಬೇಕು. ಅದಕ್ಕೇ ಅದು ಬೇಗ ಹೋಗುವುದಿಲ್ಲ. ಹಾಸಿಗೆ ಹೊಸದೇ ತೆಗೆದುಕೊಳ್ಳಿ, ಮಧ್ಯಮ ಬೆಲೆಯದ್ದು. ಅದು ವಾಪಸ್ ದುಡ್ಡು ಕೊಡುತ್ತದೆ ಅಂತ ಲೆಕ್ಕ ಹಾಕಬೇಡಿ. ಬೇರೆಯವರು ಮಲಗಿದ ಹಾಸಿಗೆ ಯಾರಿಗೆ ಬೇಕು?

ಬಟ್ಟೆ ಕಪಾಟು ಇನ್ನೊಂದು ದೊಡ್ಡ ಹೊಂಡ. ಗೋಡೆಯೊಳಗಿನ ಕಪಾಟು ಅಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹೋದವರೆಲ್ಲ ಸೂರು ಮುಟ್ಟುವ, ಜಾರು ಬಾಗಿಲಿನ ಕಪಾಟು ತರುತ್ತಾರೆ. ಅದು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಮೊದಲ ಸಲ ಸ್ಕ್ರೂ ಬಿಗಿದಾಗ ಹಿಡಿದುಕೊಳ್ಳುತ್ತದೆ. ಬಿಚ್ಚಿ ಮತ್ತೆ ಬಿಗಿದಾಗ ತೂತು ಸಡಿಲ. ಮೊಳೆ ಹೊಡೆದ ಹಿಂದಿನ ತೆಳು ಹಾಳೆ ಹರಿಯುತ್ತದೆ. ಆಮೇಲೆ ಇಡೀ ಕಪಾಟು ಒಂದು ಕಡೆಗೆ ವಾಲುತ್ತದೆ. ಇದರ ಬದಲು ಬಟ್ಟೆ ನೇತು ಹಾಕುವ ಒಂದು ಕಬ್ಬಿಣದ ಸ್ಟ್ಯಾಂಡು, ನಾಲ್ಕೈದು ಡ್ರಾಯರ್ ಇರುವ ಒಂದು ಪೆಟ್ಟಿಗೆ ಸಾಕು. ಚಳಿಗಾಲದ ದಪ್ಪ ಕೋಟು ಸ್ಟ್ಯಾಂಡಿನಲ್ಲಿ, ಉಳಿದದ್ದು ಡ್ರಾಯರಿನಲ್ಲಿ. ಬೇಸಿಗೆಯಲ್ಲಿ ಕೋಟುಗಳನ್ನು ನೆಲಮಾಳಿಗೆಗೆ ಹಾಕಿ. ತುಂಬ ಫ್ಲ್ಯಾಟುಗಳಿಗೆ ಕೆಳಗೆ ಬೀಗ ಹಾಕುವ ಒಂದು ಸಣ್ಣ ಗೂಡು ಕೊಟ್ಟಿರುತ್ತಾರೆ. ಟಿವಿ ಬಾಕ್ಸು, ಮಂಚದ ಸ್ಕ್ರೂ ಕಟ್ಟು ಎಲ್ಲ ಅಲ್ಲೇ ಇಡಿ. ಮಾರುವಾಗ ಅವು ಬೇಕು.

ಯಾವ ಸಾಮಾನನ್ನೂ ಹೊರಗೋಡೆಗೆ ಒತ್ತಿ ಇಡಬೇಡಿ. ಒಂದು ಗೇಣಿನ ಅರ್ಧದಷ್ಟಾದರೂ ಜಾಗ ಬಿಡಿ. ಚಳಿಗಾಲದಲ್ಲಿ ಆ ಗೋಡೆ ತಣ್ಣಗಿರುತ್ತದೆ, ಕುಚಲಕ್ಕಿ ಬೇಯಿಸಿದ ಹಬೆ ಅಲ್ಲಿ ಹೋಗಿ ಕೂತು ಬೂಸ್ಟು ಹಿಡಿಯುತ್ತದೆ. ಕಪಾಟಿನ ಹಿಂಬದಿ ಕಪ್ಪಾದರೆ ಕಪಾಟೂ ಹೋಯಿತು, ಗೋಡೆಯ ಹೆಸರಿನಲ್ಲಿ ಡೆಪಾಸಿಟ್ಟಿನಿಂದ ಒಂದಿಷ್ಟೂ ಹೋಯಿತು.

ಸೋಫಾ ವಿಷಯದಲ್ಲಿ ನಮ್ಮವರಿಗೆ ಮಾತ್ರ ಇರುವ ಒಂದು ತೊಂದರೆ ಹೇಳುತ್ತೇನೆ, ಬೇಜಾರು ಮಾಡಬೇಡಿ. ಅಲ್ಲಿನ ಸೆಕೆಂಡ್ ಹ್ಯಾಂಡ್ ಜಾಹೀರಾತುಗಳಲ್ಲಿ 'ಸಿಗರೇಟು ಸೇದದ, ಪ್ರಾಣಿ ಸಾಕದ ಮನೆ' ಅಂತ ಬರೆಯುವುದು ವಾಡಿಕೆ. ವಾಸನೆಗೆ ಅಷ್ಟು ಬೆಲೆ. ಬಂಗುಡೆ ಹುರಿದ ವಾಸನೆ, ಒಗ್ಗರಣೆಯ ಇಂಗು, ಬೆಳ್ಳುಳ್ಳಿ ಎಲ್ಲ ದಪ್ಪ ಬಟ್ಟೆಯ ಸೋಫಾದೊಳಗೆ ಇಳಿದು ಕೂತಿರುತ್ತದೆ. ನಮ್ಮ ಮೂಗಿಗೆ ಗೊತ್ತಾಗುವುದಿಲ್ಲ, ನೋಡಲು ಬಂದವರಿಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ಒಲೆ ಮೇಲಿನ ಚಿಮಣಿಯೂ ಎಷ್ಟೋ ಮನೆಗಳಲ್ಲಿ ಹೊಗೆಯನ್ನು ಹೊರಗೆ ಬಿಡುವುದಿಲ್ಲ, ಫಿಲ್ಟರ್‌ನಲ್ಲಿ ಹಾಯಿಸಿ ಮತ್ತೆ ಒಳಗೇ ಬಿಡುತ್ತದೆ. ಹಾಗಾಗಿ ಗವಸು ಪೂರ್ತಿ ಬಿಚ್ಚಿ ಮೆಷಿನ್‌ಗೆ ಹಾಕಬಹುದಾದ ಎರಡು ಸೀಟಿನ ಸೋಫಾ ನೋಡಿ. ಇಲ್ಲವಾದರೆ ಮರದ ಕೈಯ, ಮೆತ್ತೆ ಬೇರೆಯಾಗಿ ಬರುವ ಕುರ್ಚಿ ಎರಡು ಸಾಕು. ಮೂಲೆಯಲ್ಲಿ ತಿರುಗುವ ದೊಡ್ಡ ಸೋಫಾ ಚೆನ್ನಾಗಿ ಕಾಣುತ್ತದೆ, ಆದರೆ ಇನ್ನೊಬ್ಬರ ಮನೆಯ ಮೂಲೆ ಎಡಗಡೆ ಇದ್ದರೆ ನಿಮ್ಮ ಬಲಗಡೆಯ ಸೋಫಾ ಅವರಿಗೆ ಬೇಡ.

ಊಟದ ಮೇಜಿಗೆ ಬಿಳಿ ಲ್ಯಾಮಿನೇಟ್ ಬೇಡ, ಅರಶಿನದ ಕಲೆ ಅದರಿಂದ ಹೋಗುವುದಿಲ್ಲ. ಪೈನ್ ಮರದ ಮೇಜು ತೆಗೆದುಕೊಂಡರೆ ಹೊರಡುವ ಮೊದಲು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಎಣ್ಣೆ ಒರೆಸಬಹುದು, ಹೊಸದರ ಹಾಗೆ ಕಾಣುತ್ತದೆ. ದೀಪ ಎರಡೋ ಮೂರೋ ನೆಲದ ಮೇಲೆ ನಿಲ್ಲುವಂಥದ್ದು ತನ್ನಿ, ಯಾಕೆಂದರೆ ಸೂರಿನಲ್ಲಿ ಬರೀ ವಯರಿನ ತುದಿ ನೇತಾಡುತ್ತಿರುತ್ತದೆ, ಬಲ್ಬಿನ ಹೋಲ್ಡರ್ ಕೂಡ ಇರುವುದಿಲ್ಲ.

ಬಟ್ಟೆ ಒಗೆಯುವ ಮೆಷಿನ್ ಸೆಕೆಂಡ್ ಹ್ಯಾಂಡ್ ಸಾಕು. ಕೊಳ್ಳುವಾಗ ಹಿಂಬದಿಗೆ ಹಾಕುವ ಉದ್ದದ ಬೋಲ್ಟುಗಳನ್ನು ಕೇಳಿ ತೆಗೆದುಕೊಳ್ಳಿ. ಸಾಗಿಸುವಾಗ ಒಳಗಿನ ಡ್ರಮ್ ಅಲ್ಲಾಡದಂತೆ ಹಿಡಿಯುವ ಬೋಲ್ಟು ಅವು. ಅವಿಲ್ಲದೆ ಮೆಟ್ಟಿಲಿಳಿಸಿದರೆ ಡ್ರಮ್ಮಿನ ಸ್ಪ್ರಿಂಗು ಹಾಳಾಗುತ್ತದೆ. ತಿಳಿದವರು ಕೊಳ್ಳಲು ಬಂದಾಗ ಮೊದಲು ಕೇಳುವುದು ಆ ಬೋಲ್ಟನ್ನೇ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೆಷಿನ್ನಿನ ಹಿಂದೆ ಟೇಪ್ ಮಾಡಿ ಬಿಡಿ.

ಹಾಸಿಗೆ ಬಿಟ್ಟು ಉಳಿದದ್ದೆಲ್ಲ ಹಳೆಯದೇ ಕೊಳ್ಳಿ ಅನ್ನುತ್ತೇನೆ ನಾನು. ಹೊಸ ಸಾಮಾನಿನ ಬೆಲೆ ಅಂಗಡಿ ಬಾಗಿಲು ದಾಟಿದ ಕೂಡಲೇ ಬೀಳುತ್ತದೆ, ಆ ಬೀಳುವ ಭಾಗವನ್ನು ಮೊದಲಿನವರು ತಿಂದಿರುತ್ತಾರೆ. 60 ಯೂರೋಕ್ಕೆ ಕೊಂಡ ಮೇಜು ಎರಡು ವರ್ಷದ ನಂತರ 40ಕ್ಕೆ ಹೋಗುವುದು ಕಷ್ಟ ಅಲ್ಲ. ಇದಕ್ಕೆ ಅಲ್ಲಿ ಎಲ್ಲರೂ ಬಳಸುವುದು Kleinanzeigen ಎಂಬ ತಾಣ. ಬೆಲೆಯ ಪಕ್ಕ VB ಅಂತ ಇದ್ದರೆ ಚೌಕಾಸಿ ಮಾಡಬಹುದು. 'zu verschenken' ಅಂದರೆ ಸುಮ್ನೆ ಕೊಡುತ್ತಾರೆ, ನೀವೇ ಬಂದು ಎತ್ತಿಕೊಂಡು ಹೋಗಬೇಕು. ಹೆಸರಾದ ದೊಡ್ಡ ಅಂಗಡಿಯ ಮಾಡೆಲ್ ಕೊಂಡರೆ ಮಾರುವುದೂ ಸುಲಭ, ಆ ಹೆಸರು ಹಾಕಿ ಜನ ಹುಡುಕುತ್ತಾರೆ. ಐಕಿಯಾ ತನ್ನದೇ ಹಳೆ ಸಾಮಾನನ್ನು ವಾಪಸ್ ಕೊಳ್ಳುತ್ತದೆ, ಆದರೆ ಕೈಗೆ ನಗದು ಕೊಡುವುದಿಲ್ಲ, ಅವರದೇ ಅಂಗಡಿಯಲ್ಲಿ ಖರ್ಚು ಮಾಡುವ ಕಾರ್ಡು ಕೊಡುತ್ತದೆ. ದೇಶ ಬಿಟ್ಟು ಹೊರಟವರಿಗೆ ಅದು ಎಷ್ಟು ಉಪಯೋಗ, ನೀವೇ ಹೇಳಿ.

ಉಡುಪಿಯಲ್ಲಿ ಕೂತು ಇದನ್ನೆಲ್ಲ ಬುಕ್ ಮಾಡಬೇಡಿ. ಮೊದಲ ಒಂದೆರಡು ತಿಂಗಳಿಗೆ ಸಾಮಾನು ಸಮೇತ ಕೊಡುವ ಮನೆ ತೆಗೆದುಕೊಂಡು, ಅಲ್ಲಿಂದಲೇ ಖಾಲಿ ಮನೆ ನೋಡಿ. ಮನೆ ತೋರಿಸದೆ ಡೆಪಾಸಿಟ್ ಕೇಳಿದರೆ ಅದು ಮೋಸ ಅಂತಲೇ ತಿಳಿಯಿರಿ. ಡೆಪಾಸಿಟ್ ಅಲ್ಲಿ ಹೆಚ್ಚೆಂದರೆ ಮೂರು ತಿಂಗಳ ಮೂಲ ಬಾಡಿಗೆ, ಹೀಟಿಂಗ್ ಖರ್ಚು ಸೇರಿಸದೆ. ಅದನ್ನೂ ಮೂರು ತಿಂಗಳ ಕಂತಿನಲ್ಲಿ ಕೊಡಲು ಕಾನೂನಿನಲ್ಲಿ ಹಕ್ಕಿದೆ. ಹೋದ ಹೊಸತರಲ್ಲಿ ಕೈಯಲ್ಲಿ ದುಡ್ಡು ಉಳಿಯಲು ಇದು ಸಹಾಯ. ಖಾಲಿ ಮನೆಗೆ ಕಾಲಿಟ್ಟ ಮೊದಲ ಕೆಲವು ರಾತ್ರಿಗೆ ಎರಡು ಚಾಪೆ, ಒಂದು ದಪ್ಪ ಕಂಬಳಿ ಸೂಟ್‌ಕೇಸಿನಲ್ಲಿ ಇರಲಿ. ಮಂಚ ಬರಲಿಲ್ಲ ಅಂತ ಕಂಡ ಅಂಗಡಿಗೆ ಓಡಿ ಹೊಸದು ತರುವ ಆತುರ ಬರುವುದು ಆ ರಾತ್ರಿಗಳಲ್ಲೇ.

ಈಗ ಊರಿಗೆ ತರುವ ಮಾತು. ನಿಮ್ಮ ಪ್ರಶ್ನೆಯ ಈ ಭಾಗಕ್ಕೆ ನನ್ನ ಉತ್ತರ ಸ್ವಲ್ಪ ನಿಷ್ಠುರ. ಮರದ ಸಾಮಾನನ್ನು ಜರ್ಮನಿಯಿಂದ ಉಡುಪಿಗೆ ತರುವುದರಲ್ಲಿ ಅರ್ಥವಿಲ್ಲ. ಹಲಸಿನ ಮರವೋ ಹೆಬ್ಬಲಸೋ ಕೊಟ್ಟರೆ ನಮ್ಮ ಆಚಾರಿಗಳು ನಿಮ್ಮ ಕೋಣೆಯ ಅಳತೆಗೇ ಮಂಚ ಮಾಡಿಕೊಡುತ್ತಾರೆ. ಅಲ್ಲಿಂದ ಬರುವ ಒತ್ತು ಹಲಗೆ ನಮ್ಮ ಮಳೆಗಾಲದ ತೇವ ತಡೆಯುವುದಿಲ್ಲ. ಅಂಚಿನ ಪಟ್ಟಿ ಎಲ್ಲಿ ಬಿಟ್ಟಿದೆಯೋ ಅಲ್ಲಿಂದ ನೀರು ಕುಡಿದು ಉಬ್ಬುತ್ತದೆ. ನಾನು ಮಂಗಳೂರಿನಲ್ಲಿ ಮನೆಗಳ ಒಳಾಂಗಣ ಕೆಲಸ ಮಾಡುವವಳು, ಕಪಾಟಿನ ಕಾಲು ಅಣಬೆಯ ಹಾಗೆ ಅರಳಿದ್ದನ್ನು ಪ್ರತಿ ಆಗಸ್ಟಿನಲ್ಲೂ ನೋಡುತ್ತೇನೆ. ಅಳತೆಯೂ ಹೊಂದುವುದಿಲ್ಲ. ನಮ್ಮ 78×72 ಇಂಚಿನ ಹಾಸಿಗೆ ಅಂದರೆ ಸುಮಾರು 198×183 ಸೆಂಟಿಮೀಟರು. ಅಲ್ಲಿನ 180ರ ಚೌಕಟ್ಟಿನಲ್ಲಿ ಅದು ಅಗಲಕ್ಕೆ ಮೂರು ಸೆಂಟಿಮೀಟರು ಜಾಸ್ತಿ, ಉದ್ದಕ್ಕೆ ಎರಡು ಕಮ್ಮಿ. ಇಲ್ಲಿ ಹಾಸಿಗೆ ಹೇಳಿ ಮಾಡಿಸಬೇಕು, ಹಾಸುವ ಬಟ್ಟೆಯನ್ನೂ ಹೊಲಿಸಬೇಕು.

ಫ್ರಿಜ್ ತರುವ ಆಸೆ ತುಂಬ ಜನರಿಗೆ ಇರುತ್ತದೆ. ಒಳಗಿನ ಚೀಟಿಯಲ್ಲಿ SN, N, ST, T ಅಂತ ಅಕ್ಷರ ಇರುತ್ತದೆ, ಎಷ್ಟು ಸೆಕೆಯವರೆಗೆ ಸರಿಯಾಗಿ ಕೆಲಸ ಮಾಡುತ್ತದೆ ಎಂಬ ಗುರುತು. N ಇದ್ದರೆ 32 ಡಿಗ್ರಿವರೆಗೆ, T ಇದ್ದರೆ 43ರವರೆಗೆ. ಏಪ್ರಿಲ್‌ನಲ್ಲಿ ನಮ್ಮ ಅಡುಗೆಮನೆ 32ರಲ್ಲಿ ನಿಲ್ಲುತ್ತದಾ? ಅದೂ ಅಲ್ಲದೆ ಇಲ್ಲಿ ರಿಪೇರಿಗೆ ಪಾರ್ಟು ಸಿಗುವುದಿಲ್ಲ. ಅಲ್ಲೇ ಮಾರಿ ಬನ್ನಿ. ಟಿವಿಯೂ ಬೇಡ. 2013ರ ಆಗಸ್ಟಿನಿಂದ ಫ್ಲ್ಯಾಟ್ ಟಿವಿಯನ್ನು ಬ್ಯಾಗೇಜಿನ ಸುಂಕರಹಿತ ಪಟ್ಟಿಯಿಂದ ತೆಗೆದರು, ಸುಂಕ ಕಟ್ಟಿ ತರುವಷ್ಟು ಲಾಭ ಅದರಲ್ಲಿಲ್ಲ.

ಹಾಗಾದರೆ ಏನು ತರಬಹುದು? ಬಾಕ್ಸಿಗೆ ಹೊಂದುವಂಥದ್ದು, ತೇವಕ್ಕೆ ಹೆದರದ್ದು, ಇಲ್ಲಿ ಅದೇ ಬೆಲೆಗೆ ಸಿಗದ್ದು. ಒಳ್ಳೆಯ ಚಾಕು, ದಪ್ಪ ತಳದ ಸ್ಟೀಲ್ ಪಾತ್ರೆ, ಎರಕದ ಕಬ್ಬಿಣದ ಪಾತ್ರೆ, ಉಣ್ಣೆಯ ಕಂಬಳಿ, ಗಟ್ಟಿ ಮರದ ಮಡಚುವ ಕುರ್ಚಿ, ಮಗಳ ಮರದ ಆಟಿಕೆ, ಪುಸ್ತಕ. ಮೇಜಿನ ದೀಪವನ್ನೂ ತರಬಹುದು. ದಪ್ಪ ದುಂಡು ಪ್ಲಗ್ ಇದ್ದರೆ ನಮ್ಮ ಸಾಕೆಟ್ಟಿನಲ್ಲಿ ಸರಿಯಾಗಿ ಕೂರುವುದಿಲ್ಲ, ಪ್ಲಗ್ ಬದಲಿಸಿದರೆ ಆಯಿತು.

ಸಮುದ್ರದ ಸಾಗಾಟಕ್ಕೆ ತೂಕಕ್ಕಿಂತ ಜಾಗದ ಲೆಕ್ಕ ಮುಖ್ಯ, ಕ್ಯೂಬಿಕ್ ಮೀಟರಿನಲ್ಲಿ. 60×40×40 ಸೆಂಟಿಮೀಟರಿನ ಬಾಕ್ಸು ಹತ್ತಾದರೆ ಹೆಚ್ಚುಕಡಿಮೆ ಒಂದು ಕ್ಯೂಬಿಕ್ ಮೀಟರು. ಬಿಚ್ಚಲಾಗದ ಒಂದೇ ಒಂದು ಕೈಕುರ್ಚಿ, 70×85×100 ಅಂತ ಇಟ್ಟುಕೊಳ್ಳಿ, ಆರು ಬಾಕ್ಸಿನಷ್ಟು ಜಾಗ ತಿನ್ನುತ್ತದೆ. ಮಡಚುವ ಕುರ್ಚಿಗಳಾದರೆ ನಾಲ್ಕು ಸೇರಿ ಒಂದೇ ಬಾಕ್ಸಿನ ಜಾಗ. ಏಜೆಂಟರು ಮೊದಲು ಹೇಳುವುದು ಹಡಗಿನ ಬಾಡಿಗೆ ಮಾತ್ರ, ಅದು ಅಗ್ಗವಾಗಿ ಕಾಣುತ್ತದೆ. ಬಂದರಿನಲ್ಲಿ ಇಳಿಸುವುದು, ಗೋದಾಮು, ಕಾಗದಪತ್ರ, ಕಸ್ಟಮ್ಸ್ ಏಜೆಂಟರ ಫೀಸು, ಬಂದರಿನಿಂದ ಮನೆಗೆ ಲಾರಿ, ಇವೆಲ್ಲ ಇಲ್ಲಿಗೆ ಬಂದ ಮೇಲೆ ಬರುವ ಬಿಲ್ಲು. ಸಾಮಾನು ಕಮ್ಮಿ ಇದ್ದಾಗ ಹಡಗಿನ ಬಾಡಿಗೆಗಿಂತ ಇದೇ ಜಾಸ್ತಿ ಆಗುವುದೂ ಉಂಟು. 'ಉಡುಪಿಯ ಮನೆ ಬಾಗಿಲಿಗೆ ಎಲ್ಲ ಸೇರಿ ಎಷ್ಟು' ಅಂತ ಬರಹದಲ್ಲಿ ಕೇಳಿ. ಆ ಮೊತ್ತಕ್ಕೆ ಅದೇ ಸಾಮಾನು ಮಂಗಳೂರಿನಲ್ಲಿ ಹೊಸದಾಗಿ ಸಿಗುತ್ತದಾ ನೋಡಿ, ಆಮೇಲೆ ತೀರ್ಮಾನ ಮಾಡಿ.

ಮರದ ಪೆಟ್ಟಿಗೆ ಮಾಡಿಸುವುದಾದರೆ ಅದಕ್ಕೆ ISPM 15 ಮುದ್ರೆ ಬೇಕು, ಹುಳ ಬಾರದಂತೆ ಮರವನ್ನು ಬಿಸಿ ಮಾಡಿದ್ದೇವೆ ಎಂಬ ಗುರುತು ಅದು. ಮುದ್ರೆ ಇಲ್ಲದ ಪೆಟ್ಟಿಗೆ ಬಂದರಿನಲ್ಲಿ ನಿಲ್ಲುತ್ತದೆ. ಎರಡು ಪದರದ ರಟ್ಟಿನ ಬಾಕ್ಸಿಗೆ ಆ ಗಲಾಟೆ ಇಲ್ಲ. ಪ್ರತಿ ಬಾಕ್ಸಿನಲ್ಲಿ ತೇವ ಹೀರುವ ಪೊಟ್ಟಣ ಹಾಕಿ, ಸಾಧ್ಯವಾದರೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಇಲ್ಲಿ ಇಳಿಯದಂತೆ ನೋಡಿಕೊಳ್ಳಿ.

ಕಸ್ಟಮ್ಸ್‌ನಲ್ಲಿ ನಿಮಗೆ ಸಿಗುವ ರಿಯಾಯಿತಿ ನೀವು ಹೊರಗೆ ಎಷ್ಟು ಕಾಲ ಇದ್ದಿರಿ ಎಂಬುದರ ಮೇಲೆ. 2016ರ ಬ್ಯಾಗೇಜ್ ನಿಯಮಗಳಲ್ಲಿ ಎರಡು ವರ್ಷ ತುಂಬಿದವರಿಗೆ ಒಂದು ವರ್ಷದವರಿಗಿಂತ ದೊಡ್ಡ ಮಿತಿ ಇಟ್ಟಿದ್ದರು. ಮಧ್ಯೆ ಊರಿಗೆ ಬಂದ ದಿನಗಳು ಒಟ್ಟು ಆರು ತಿಂಗಳು ಮೀರಬಾರದು ಅಂತಲೂ ಇತ್ತು. ಪ್ರತ್ಯೇಕವಾಗಿ ಬರುವ ಸಾಮಾನನ್ನು ನೀವು ಇಲ್ಲಿಗೆ ಬಂದ ಒಂದು ತಿಂಗಳೊಳಗೆ ಅಲ್ಲಿಂದ ಕಳುಹಿಸಿರಬೇಕಿತ್ತು. ಸರ್ಕಾರ ಈ ಮಿತಿಗಳನ್ನು ಬದಲಾಯಿಸುತ್ತಾ ಇರುತ್ತದೆ, ಹಾಗಾಗಿ ಹೊರಡುವ ತಾರೀಕು ಹಿಡಿಯುವ ಮೊದಲೇ ಆಗಿನ ನಿಯಮವನ್ನು ಏಜೆಂಟರ ಹತ್ತಿರ ಕೇಳಿ. ಎರಡು ವರ್ಷಕ್ಕೆ ಹತ್ತು ದಿನ ಕಮ್ಮಿ ಇರುವಾಗ ಟಿಕೆಟ್ ಮಾಡಿದರೆ ಸುಮ್ನೆ ತಲೆನೋವು.

ಮಾರಾಟದ ಕೆಲಸ ಬಾಡಿಗೆ ಬಿಡುವ ಪತ್ರದ ಜೊತೆಗೇ ಶುರು. ಅಲ್ಲಿ ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್ ಕೊಡಬೇಕು. ತಿಂಗಳ ಮೂರನೆಯ ಕೆಲಸದ ದಿನದೊಳಗೆ ಪತ್ರ ಮಾಲೀಕರಿಗೆ ತಲುಪಿದರೆ ಆ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಅಂದರೆ ಏಪ್ರಿಲ್ ಆರಂಭದಲ್ಲಿ ತಲುಪಿದರೆ ಜೂನ್ ಕೊನೆಗೆ ಮನೆ ಬಿಡಬಹುದು. ಪತ್ರ ಕೊಟ್ಟ ವಾರವೇ ಅಡುಗೆಮನೆಯ ಮಾತು ಎತ್ತಿ. ಮನೆ ನೋಡಲು ಬರುವವರಿಗೆ ಬೆಲೆ ಮೊದಲೇ ಗೊತ್ತಿರಲಿ. ಎಂಟು ವಾರ ಇರುವಾಗ ಸೋಫಾ, ಮೇಜು, ದೀಪದ ಜಾಹೀರಾತು ಹಾಕಿ, ಯಾವ ತಾರೀಕಿನಿಂದ ಒಯ್ಯಬಹುದು ಅಂತ ಅದರಲ್ಲೇ ಬರೆಯಿರಿ. ಹಗಲಿನ ಬೆಳಕಿನಲ್ಲಿ ಫೋಟೋ, ಅಳತೆ, ಎಷ್ಟನೆಯ ಮಹಡಿ, ಲಿಫ್ಟ್ ಇದೆಯಾ ಇಲ್ಲವಾ, ಇಷ್ಟು ಸಾಕು. ಮಾರುವಾಗ ಕೊಳ್ಳುವವರು ಬಂದು ನಗದು ಕೊಟ್ಟು ಒಯ್ಯಲಿ. 'ಸುರಕ್ಷಿತ ಪಾವತಿ' ಅಂತ ಲಿಂಕ್ ಕಳುಹಿಸಿ ನಿಮ್ಮ ಕಾರ್ಡಿನ ನಂಬರು ಕೇಳುವವರು ಆ ತಾಣದಲ್ಲಿ ಧಾರಾಳ ಇದ್ದಾರೆ, ಉತ್ತರವನ್ನೇ ಕೊಡಬೇಡಿ.

ಮಂಚ, ಫ್ರಿಜ್, ಬಟ್ಟೆ ಮೆಷಿನ್ ಕೊನೆಯ ವಾರಕ್ಕೆ. ಅವುಗಳಿಗೆ ಮುಂಚೆಯೇ ಮುಂಗಡ ತೆಗೆದುಕೊಂಡು ದಿನ ಗೊತ್ತು ಮಾಡಿ. ಹೋಗದೆ ಉಳಿದದ್ದನ್ನು ಉಚಿತ ಅಂತ ಹಾಕಿ. ಅದಕ್ಕೂ ಯಾರೂ ಬರದಿದ್ದರೆ ನಗರಪಾಲಿಕೆಯ ದೊಡ್ಡ ಕಸದ ಗಾಡಿಗೆ ಹೆಸರು ಕೊಡಬೇಕು. ಅದಕ್ಕೆ ಸರದಿ ಬರಲು ಕೆಲವು ವಾರ ಹಿಡಿಯಬಹುದು. ಹಾಗಾಗಿ ಹಾಸಿಗೆ ಹೇಗೂ ಹೋಗುವುದು ಅದಕ್ಕೇ ಅಂತ ತಿಳಿದು, ನೋಟಿಸ್ ಕೊಟ್ಟ ತಿಂಗಳಲ್ಲೇ ಆ ಗಾಡಿಗೆ ಒಂದು ದಿನ ಹಿಡಿದಿಡಿ. ಅದಾದ ಮೇಲಿನ ರಾತ್ರಿಗಳಿಗೆ ಚಾಪೆ ಇದೆಯಲ್ಲ.